ಅಪ್‌ಡೇಟ್: ಇಂಟರ್‌ವ್ಯೂ ಆದ ಮೇಲಿನ ಥ್ಯಾಂಕ್ಯೂ ಮೇಲ್

ನಾನು ಕೇಳಿದ್ದು: "ಗೋದಾಮಿನ ಸ್ಟಾಕ್ ಕೆಲಸಕ್ಕೆ ಇಂಟರ್‌ವ್ಯೂ ಆಯ್ತು. ಥ್ಯಾಂಕ್ಯೂ ಮೇಲ್‌ನಲ್ಲಿ ರೆಸ್ಯೂಮೆಯಲ್ಲಿ ಇರೋದನ್ನೇ ಮತ್ತೆ ಬರೆಯದೆ ಏನು ಬರೆಯಲಿ?"

ಮೊದಲ ಡ್ರಾಫ್ಟ್ ಪೂರ್ತಿ ಅಳಿಸಿದೆ. ಐದು ವರ್ಷದ ಅನುಭವ, ಟ್ಯಾಲಿ, ಎಕ್ಸೆಲ್ ಅಂತ ಅದೇ ಪುರಾಣ ಇತ್ತು.

ಆಮೇಲೆ ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಹೇಳಿದ ಒಂದು ಮಾತು ನೆನಪಾಯ್ತು. ಸೋಮವಾರ ರಿಟರ್ನ್ಸ್ ರಾಶಿ ಬೀಳುತ್ತೆ, ಅವತ್ತೇ ಸ್ಟಾಕ್ ಲೆಕ್ಕ ತಾಳೆ ಆಗಲ್ಲ ಅಂದಿದ್ದರು. ತಪ್ಪು ಎಲ್ಲಿದೆ ಅಂತ ಹೇಗೆ ಹುಡುಕ್ತೀರಿ ಅಂತ ಕೇಳಿದಾಗ ನಾನು ತಡವರಿಸಿದ್ದೆ. ಮೇಲ್‌ನಲ್ಲಿ ಅದಕ್ಕೇ ಉತ್ತರ ಬರೆದೆ. ಮೇಲ್ ಇಂಗ್ಲಿಷಿನಲ್ಲಿತ್ತು, ಸಾರ ಇಷ್ಟು:

"ನಿನ್ನೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಸೋಮವಾರದ ರಿಟರ್ನ್ಸ್ ಬಗ್ಗೆ ಮತ್ತೆ ಯೋಚಿಸಿದೆ. ನಾನಾದರೆ ಮೊದಲು ರ‍್ಯಾಕ್‌ನಿಂದ 20 ಐಟಂ ಎಣಿಸಿ ಶೀಟ್‌ನಲ್ಲಿ ಹುಡುಕುತ್ತೇನೆ, ಆಮೇಲೆ ಶೀಟ್‌ನಿಂದ 20 ಆರಿಸಿ ರ‍್ಯಾಕ್‌ನಲ್ಲಿ ಹುಡುಕುತ್ತೇನೆ. ರ‍್ಯಾಕ್‌ನಲ್ಲಿದ್ದು ಶೀಟ್‌ನಲ್ಲಿ ಇಲ್ಲದಿದ್ದರೆ ರಿಟರ್ನ್ ಎಂಟ್ರಿ ಬಿಟ್ಟುಹೋಗಿರಬಹುದು. ಶೀಟ್‌ನಲ್ಲಿದ್ದು ರ‍್ಯಾಕ್‌ನಲ್ಲಿ ಇಲ್ಲದಿದ್ದರೆ ಬೇರೆ ಕಡೆ ಇಟ್ಟಿರಬಹುದು, ಅಥವಾ ಬಿಲ್ ಆಗದೆ ಹೊರಗೆ ಹೋಗಿರಬಹುದು."

ಅಷ್ಟೇ. "ನಿಮ್ಮ ಕಂಪನಿಗೆ ನಾನು ಸೂಕ್ತ" ಅನ್ನೋ ಸಾಲು ಹಾಕಲೇ ಇಲ್ಲ, ಸುಮ್ನೆ ಯಾಕೆ ಅಲ್ವಾ. ಮ್ಯಾನೇಜರ್ ಮೇಲ್ ಐಡಿ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಎಚ್‌ಆರ್ ಕಳಿಸಿದ್ದ ಇಂಟರ್‌ವ್ಯೂ ಮೇಲ್‌ಗೇ ಮರುದಿನ ಬೆಳಗ್ಗೆ ರಿಪ್ಲೈ ಮಾಡಿ, ಅವರಿಗೂ ತಲುಪಿಸಿ ಅಂತ ಕೇಳಿಕೊಂಡೆ.

ನಾಲ್ಕು ದಿನ ಸದ್ದಿಲ್ಲ. ನಿನ್ನೆ ಎರಡನೇ ರೌಂಡ್‌ಗೆ ಕರೆದರು. ಮೇಲ್‌ನಿಂದಲೇ ಕರೆದರು ಅಂತ ಹೇಳಲಾರೆ, ಆದರೆ ಮ್ಯಾನೇಜರ್ ಕೂತ ತಕ್ಷಣ ಕೇಳಿದ್ದು, "20 ಐಟಂ ಯಾವ ಲೆಕ್ಕದಲ್ಲಿ ಆರಿಸ್ತೀರಿ?"

ಜಾಸ್ತಿ ಓಡಾಡೋ ಐಟಂಗಳಿಂದ ಅಂದೆ. ಆಫರ್ ಇನ್ನೂ ಬಂದಿಲ್ಲ.