ಸಹಾಯ ಬೇಕು: ಕೈ-ಸ್ಕ್ವೇರ್ ಮಾಡಲಾ, ಟಿ-ಟೆಸ್ಟ್ ಮಾಡಲಾ?

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ನರ್ಸಿಂಗ್ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಅಂಕಿಅಂಶಕ್ಕೆ ಹೊಸಬಳು. ಹಾಸ್ಟೆಲ್‌ನ 30, ಮನೆಯಿಂದ ಬರುವ 30 ಹುಡುಗಿಯರ ಹಿಮೋಗ್ಲೋಬಿನ್ ನೋಡಿದ್ದೇನೆ. 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಬರೆದುಕೊಂಡೆ. ಹಾಸ್ಟೆಲ್‌ನಲ್ಲಿ 18 ಜನಕ್ಕೆ ಇದೆ, ಮನೆಯವರಲ್ಲಿ 10 ಜನಕ್ಕೆ.

ನನಗೆ ಅರ್ಥವಾಗಿದ್ದು ಇಷ್ಟು. 'ಇದೆ / ಇಲ್ಲ' ಅಂದರೆ ಬರೀ ತಲೆ ಎಣಿಕೆ, ಅದಕ್ಕೆ ಕೈ-ಸ್ಕ್ವೇರ್. 11.4, 12.6 ಹೀಗೆ ಅಳತೆಯನ್ನೇ ಇಟ್ಟುಕೊಂಡರೆ ಎರಡು ಗುಂಪಿನ ಸರಾಸರಿ ಹೋಲಿಸಬೇಕು, ಅದಕ್ಕೆ ಟಿ-ಟೆಸ್ಟ್. ಸರಿನಾ?

ತೊಂದರೆ ಇಲ್ಲಿದೆ. ಕೈ-ಸ್ಕ್ವೇರನ್ನು ಕೈಯಲ್ಲೇ ಲೆಕ್ಕ ಹಾಕಿದೆ. ವ್ಯತ್ಯಾಸವೇ ಇಲ್ಲದಿದ್ದರೆ ಪ್ರತಿ ಗುಂಪಿನಲ್ಲಿ 14 ಜನಕ್ಕೆ ಇರಬೇಕು, 16 ಜನಕ್ಕೆ ಇರಬಾರದು. ಉತ್ತರ 4.29 ಬಂತು. 3.84 ದಾಟಿದೆ, ಖುಷಿಯಾಯಿತು. ಆಮೇಲೆ R ನಲ್ಲಿ ಹಾಕಿದೆ:

```
chisq.test(matrix(c(18,12,10,20), 2))
```

3.28 ಅಂತು, p 0.07! ಖುಷಿ ಅಲ್ಲಿಗೇ ಮುಗೀತು. 2×2 ಪಟ್ಟಿಗೆ R ತಾನಾಗಿಯೇ ಯೇಟ್ಸ್ ತಿದ್ದುಪಡಿ ಮಾಡುತ್ತದಂತೆ. `correct=FALSE` ಕೊಟ್ಟರೆ ನನ್ನ 4.29 ವಾಪಸ್ ಬರುತ್ತದೆ. ಬೇಕಾದ ಉತ್ತರ ಆರಿಸಿಕೊಳ್ಳುವುದು ಮೋಸ ಅಲ್ವಾ? ಯಾವುದನ್ನು ಬರೆಯಲಿ? ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಫಿಶರ್ ಟೆಸ್ಟ್ ಅನ್ನುತ್ತಾರೆ, ನನ್ನದು ಹಾಗಿಲ್ಲ. ಇಲ್ಲಾ, ಅಳತೆಯನ್ನು ಸುಮ್ನೆ 'ಇದೆ / ಇಲ್ಲ' ಮಾಡಿ ಮಾಹಿತಿ ಕಳೆದುಕೊಳ್ಳುವ ಬದಲು ಟಿ-ಟೆಸ್ಟೇ ಮಾಡಲಾ?

ಇನ್ನೊಂದು: ಕಬ್ಬಿಣದ ಮಾತ್ರೆ ಕೊಟ್ಟು 3 ತಿಂಗಳಿಗೆ ಇದೇ ಹುಡುಗಿಯರನ್ನು ಮತ್ತೆ ನೋಡುತ್ತೇನೆ. ಆಗ ಜೋಡಿ ಟಿ-ಟೆಸ್ಟ್ ತಾನೇ?