ಪದಚರ್ಚೆ: ‘ಒಪ್ಪಿಸಿದ’ ಲೀಡ್, ‘ಒಪ್ಪಿಕೊಂಡ’ ಲೀಡ್, ಮತ್ತೆ ‘ಸಂಪರ್ಕ’ ಅಂದರೇನು?

ನಮಸ್ಕಾರ.

ಶಿವಮೊಗ್ಗದಲ್ಲಿ ಅಡಿಕೆ ಸುಲಿಯುವ ಯಂತ್ರ ಮಾರುವ ಸಣ್ಣ ಕಂಪನಿಯೊಂದರಲ್ಲಿ ನಾನು ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ನಮಗೂ ಮಾರಾಟದವರಿಗೂ ನಡುವೆ ಒಂದು ಪುಟದ ಒಪ್ಪಂದ ಬರೆಯುತ್ತಿದ್ದೇನೆ. ಎಂಥ ಲೀಡ್ ಅವರ ಕೈಗೆ ಹೋಗಬೇಕು, ಹೋದ ಮೇಲೆ ಎಷ್ಟು ಹೊತ್ತಿನೊಳಗೆ ಅವರು ಫೋನ್ ಮಾಡಬೇಕು, ಇಷ್ಟೇ ವಿಷಯ. ಓದುವವರು ತೀರ್ಥಹಳ್ಳಿ, ಹೊಸನಗರ, ಸಾಗರ ಸುತ್ತುವ ನಮ್ಮ ಹುಡುಗರು. ಹಾಗಾಗಿ ಕನ್ನಡದಲ್ಲೇ ಇರಲಿ ಅಂತ.

ಎರಡು ಪದಗಳು ಕಾಡುತ್ತಿವೆ. ಮೊದಲು ‘ಅರ್ಹ ಲೀಡ್’ ಎಂದು ಬರೆದೆ. ಓದಿದ ಹುಡುಗನೊಬ್ಬ, “ಇದೇನು ಮೇಡಂ, ಪಿಂಚಣಿ ಪಟ್ಟಿನಾ?” ಅಂದ. ಅದು ಹೋಗಲಿ. ಜಗಳ ಆಗಿದ್ದು ‘ಒಂದು ಗಂಟೆಯೊಳಗೆ ಸಂಪರ್ಕಿಸಬೇಕು’ ಅನ್ನುವ ಸಾಲಿನ ಮೇಲೆ.

ಹೊಸನಗರದ ಕಡೆಯ ಬೆಳೆಗಾರರೊಬ್ಬರು ಗುರುವಾರ ಬೆಳಿಗ್ಗೆ 11ಕ್ಕೆ ಫೇಸ್‌ಬುಕ್ ಜಾಹೀರಾತಿನ ಫಾರಂ ತುಂಬಿದರು. ನಮ್ಮವರು ವಿಚಾರಿಸಿ ಮಾರಾಟದವರ ಪಟ್ಟಿಗೆ ಹಾಕಿದ್ದು ಶುಕ್ರವಾರ ಸಂಜೆ 4ಕ್ಕೆ. ಮಾರಾಟದ ಹುಡುಗ 4.25ಕ್ಕೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ್ದು ಶನಿವಾರ ರಾತ್ರಿ. ಆಗ ಸಿಕ್ಕರು. “ಬೇರೆಯವರಿಗೆ ಅಡ್ವಾನ್ಸ್ ಕೊಟ್ಟಾಯ್ತಲ್ಲ” ಅಂದರು. ಇಪ್ಪತ್ತೈದೇ ನಿಮಿಷದಲ್ಲಿ ಸಂಪರ್ಕಿಸಿದ್ದೇನೆ ಅಂತ ಹುಡುಗನ ವಾದ. ಮಾತೇ ಆಗದೆ ಅದೆಂಥ ಸಂಪರ್ಕ ಅಂತ ನಮ್ಮದು. ಪದದ ಅರ್ಥ ಯಾರ ಕಡೆಗಿದೆ?

ತೀರ್ಥಹಳ್ಳಿಯಿಂದ, ನಿವೃತ್ತ ಕನ್ನಡ ಮೇಷ್ಟರು

‘ಲೀಡ್’ಗೆ ‘ಮುನ್ನಡೆ’ ಎಂಬ ಚಂದದ ಪದ ಇದೆಯಲ್ಲ. ಮತ ಎಣಿಕೆಯ ದಿನ ಎಲ್ಲ ಪತ್ರಿಕೆಯವರೂ ಬರೆಯುತ್ತಾರೆ. ಯಂತ್ರದ ವ್ಯಾಪಾರದಲ್ಲಿ ಯಾರು ಯಾರಿಗಿಂತ ಮುಂದಿದ್ದಾರೆ ಎನ್ನುವುದು ಮಾತ್ರ ನನಗೆ ಹೊಳೆಯಲಿಲ್ಲ.

ನಿಮ್ಮ ‘ಒಪ್ಪಂದ’ ನೋಡಿ ಇನ್ನೊಂದು ನೆನಪಾಯಿತು. ಒಪ್ಪಿಸು, ಒಪ್ಪಿಕೊಳ್ಳು, ಒಪ್ಪಂದ, ಮೂರಕ್ಕೂ ಬೇರು ‘ಒಪ್ಪು’. ಆದರೆ ಒಪ್ಪಿಸುವವನು ಒಬ್ಬ, ಒಪ್ಪಿಕೊಳ್ಳುವವನು ಇನ್ನೊಬ್ಬ. ಹುಡುಗರು ಪಾಠ ಒಪ್ಪಿಸುತ್ತಿದ್ದರು. ನಾನು ಎಲ್ಲವನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ!

ಭದ್ರಾವತಿಯಿಂದ, ಆನ್‌ಲೈನ್ ಜಾಹೀರಾತು ಮಾಡುವವರು

ಮೇಷ್ಟ್ರೇ, ಇಲ್ಲಿ ಲೀಡ್ ಅಂದರೆ ‘ನನಗೆ ಬೇಕಿತ್ತು’ ಎಂದು ಹೆಸರು, ನಂಬರ್ ಕೊಟ್ಟವರು. ಪೊಲೀಸರ ‘ಸುಳಿವು’ ಹತ್ತಿರದ ಪದ.

ಒಂದು ಗಂಟೆಯೇ ಜಾಸ್ತಿ ಆಯ್ತು ಮೇಡಂ. ಐದು ನಿಮಿಷ ಇರಲಿ. ಅಷ್ಟರಲ್ಲಿ ಫೋನ್ ಮಾಡದಿದ್ದರೆ ಲೀಡ್ ಸತ್ತ ಹಾಗೆ. ಹಾರ್ವರ್ಡ್‌ನವರೇ ಸಾಬೀತು ಮಾಡಿದ್ದಾರೆ.

ಬೆಂಗಳೂರಿನಿಂದ, ಊರು ಸಾಗರ. ಮಾರಾಟದ ಲೆಕ್ಕಪಟ್ಟಿ ನೋಡುವ ಕೆಲಸ

ಭದ್ರಾವತಿಯವರು ಹೇಳಿದ್ದರಲ್ಲಿ ಅರ್ಧ ಸರಿ. ಬೇಗ ಕರೆದರೆ ಲಾಭ ಅನ್ನುವುದು ನಿಜ. ಆದರೆ 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಆ ಲೇಖನದ ಮುಖ್ಯ ಹೋಲಿಕೆ ಒಂದು ಗಂಟೆಯದು. ಗಂಟೆಯೊಳಗೆ ಯತ್ನಿಸಿದವರಿಗೆ ಸರಿಯಾದ ವ್ಯಕ್ತಿಯ ಜೊತೆ ಹುರುಳಿರುವ ಮಾತುಕತೆ ಸಿಗುವ ಸಾಧ್ಯತೆ, ಇನ್ನೊಂದು ಗಂಟೆ ತಡಮಾಡಿದವರಿಗಿಂತ ಸುಮಾರು 7 ಪಟ್ಟು ಎಂದು ಅದರಲ್ಲಿದೆ. ಅದೂ ಅಮೆರಿಕದ ಕಂಪನಿಗಳ ಲೆಕ್ಕ. ಹೊಸನಗರದ ತೋಟಕ್ಕೆ ಅದೇ 7 ಹೊಂದುತ್ತದೆ ಅನ್ನಲಾಗದು.

ನಿಮ್ಮ ಪ್ರಶ್ನೆಗೆ ಬೇಕಾದ್ದು ಬೇರೆಯೇ ಇದೆ. ಅಲ್ಲಿ ಎರಡು ಮಾತು ಬೇರೆ ಬೇರೆ ಇಟ್ಟಿದ್ದಾರೆ. ಗಡಿಯಾರ ‘ಯತ್ನ’ಕ್ಕೆ, ಫಲ ‘ಮಾತುಕತೆ’ಗೆ. ‘ಸಂಪರ್ಕ’ ಎರಡನ್ನೂ ನುಂಗಿಹಾಕುತ್ತದೆ. ನಮ್ಮ ಆಡುಮಾತೇ ವಾಸಿ. ‘ಫೋನ್ ಮಾಡಿದೆ, ಸಿಗಲಿಲ್ಲ’ ಅನ್ನುತ್ತೇವಲ್ಲ. ಮಾಡುವುದು ಹುಡುಗನ ಕೈಯಲ್ಲಿದೆ, ಸಿಗುವುದು ಇಲ್ಲ. ಗಂಟೆಯ ಗಡುವನ್ನು ‘ಮೊದಲ ಕರೆ’ಗೆ ಹಾಕಿ. ಸಿಗದಿದ್ದರೆ ಎಷ್ಟು ಸಲ, ಎಷ್ಟು ದಿನ ಮತ್ತೆ ಮಾಡಬೇಕು ಎಂದು ಬೇರೆ ಸಾಲು ಬರೆಯಿರಿ. ನಿಮ್ಮ ಹುಡುಗ ಎಡವಿದ್ದು ಅಲ್ಲಿ. ಶುಕ್ರವಾರ ಸಂಜೆಗೂ ಶನಿವಾರ ರಾತ್ರಿಗೂ ನಡುವೆ ಒಂದು ಕರೆಯೂ ಇಲ್ಲ.

ಆದರೆ ದೊಡ್ಡ ತಡ ನಿಮ್ಮದೇ, ಬೇಜಾರು ಮಾಡಿಕೊಳ್ಳಬೇಡಿ. ಗುರುವಾರ 11ರಿಂದ ಶುಕ್ರವಾರ 4ರ ತನಕ, ಅಂದರೆ 29 ಗಂಟೆ, ಲೀಡ್ ಪ್ರಚಾರದವರ ಮೇಜಿನ ಮೇಲೇ ಕೂತಿತ್ತು. ಬೆಳೆಗಾರರಿಗೆ ಕಂಪನಿ ಒಂದೇ. ಅವರ ಗಡಿಯಾರ ಫಾರಂ ತುಂಬಿದಾಗಲೇ ಓಡಲು ಶುರು. ಹಾಗಾಗಿ ಪಟ್ಟಿಯಲ್ಲಿ ನಾಲ್ಕು ಹೊತ್ತು ಬರೆದಿಡಿ: ಬಂದಿದ್ದು, ಒಪ್ಪಿಸಿದ್ದು, ಮೊದಲ ಕರೆ, ಸಿಕ್ಕಿದ್ದು. ಮೊದಲೆರಡರ ನಡುವಿನ ತಡ ನಿಮ್ಮದು, ಆಮೇಲಿನದು ಅವರದು.

‘ಮೊದಲ ಕರೆ’ಯಲ್ಲೂ ಆಟ ಆಡುತ್ತಾರೆ. ಗಡಿಯಾರ ನಿಲ್ಲಿಸಲು ಮಿಸ್ಡ್ ಕಾಲ್ ಕೊಟ್ಟು ಸುಮ್ನಾಗುವುದು. ಮೊದಲ ಕರೆಗಳೆಲ್ಲ 55ರಿಂದ 60ನೇ ನಿಮಿಷದ ನಡುವೆಯೇ ಗುಂಪಾಗಿ, ನಾಲ್ಕೈದು ಸೆಕೆಂಡಿಗೇ ಕಟ್ ಆಗಿದ್ದರೆ ಅದೇ ಕಥೆ ಎಂದು ತಿಳಿಯಿರಿ.

ಆಗುಂಬೆ ಕಡೆಯಿಂದ, ಹೋಂಸ್ಟೇ ನಡೆಸುವವರು

ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ. ರೂಮು ಕೇಳಿ ಬಂದ ವಾಟ್ಸಾಪ್ ಮೆಸೇಜು ನನಗೆ ಕಾಣುವುದು ಗುಡ್ಡ ಹತ್ತಿದಾಗಲೇ. ಒಂದು ಗಂಟೆ ಅಂತ ಕೂತರೆ ಗುಡ್ಡದ ಮೇಲೇ ಮನೆ ಮಾಡಬೇಕು. ತೋಟದವರೂ ಹಾಗೇ, ಹಗಲಲ್ಲಿ ಸಿಗುವುದಿಲ್ಲ. ಸಂಜೆ ಏಳರ ಮೇಲೆ ಮಾಡಲು ಹೇಳಿ.

ಹೊಸನಗರದಿಂದ, ಅಡಿಕೆ ಬೆಳೆಗಾರರು

ಫಾರಂ ತುಂಬಿದವನು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ.

‘ಅರ್ಹ’ ಬೇಡ. ‘ಹದ ಬಂದ ಲೀಡ್’ ಅನ್ನಿ. ಗೊನೆ ಹದಕ್ಕೆ ಬರದೆ ಇಳಿಸುವುದಿಲ್ಲ ಅಲ್ವಾ? ನಿಮ್ಮ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಬೆಂಗಳೂರಿನಿಂದ

ಪದ ರುಚಿಯಾಗಿದೆ. ನನಗೆ ಒಂದೇ ಅಳುಕು. ಹದವನ್ನು ಕಣ್ಣಳತೆಯಲ್ಲಿ ನೋಡುತ್ತಾರೆ, ಒಬ್ಬರ ಹದ ಇನ್ನೊಬ್ಬರಿಗೆ ಎಳಸು. ಪ್ರಚಾರದವರಿಗೆ ಎಲ್ಲವೂ ಹದವಾಗೇ ಕಾಣುತ್ತದೆ, ಏಕೆಂದರೆ ಅವರಿಗೆ ಲೆಕ್ಕಕ್ಕೆ ಸಂಖ್ಯೆ ಬೇಕು. ಪದ ಯಾವುದೇ ಇರಲಿ, ಅದರ ಕೆಳಗೆ ಹೌದು-ಅಲ್ಲ ಎಂದು ಉತ್ತರಿಸಬಹುದಾದ ಮೂರೋ ನಾಲ್ಕೋ ಸಾಲು ಇರಲಿ. ‘ಆಸಕ್ತಿ ಇರುವವರು’ ಎಂಬ ಸಾಲು ಮಾತ್ರ ಬೇಡ.

ಮೇಷ್ಟರ ಮಾತನ್ನು ಹಾಗೇ ಬಳಸಿ. ‘ಒಪ್ಪಿಸಿದ್ದು’ ಪ್ರಚಾರದವರ ಲೆಕ್ಕ, ‘ಒಪ್ಪಿಕೊಂಡಿದ್ದು’ ಮಾರಾಟದವರ ಲೆಕ್ಕ. ಒಪ್ಪದಿದ್ದರೆ ಒಂದು ದಿನದೊಳಗೆ ಕಾರಣ ಬರೆದು ಮರಳಿಸಬೇಕು. ಬರೆಯದಿದ್ದರೆ ಒಪ್ಪಿಕೊಂಡಂತೆಯೇ, ಮೌನಂ ಸಮ್ಮತಿ ಲಕ್ಷಣಂ. ಈ ಸಾಲಿಲ್ಲದಿದ್ದರೆ ಬೇಡದ ಲೀಡುಗಳು ಯಾರದ್ದೂ ಅಲ್ಲದೆ ಪಟ್ಟಿಯಲ್ಲಿ ಕೊಳೆಯುತ್ತವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. 29 ಗಂಟೆಯ ಲೆಕ್ಕ ನೋಡಿ ಸ್ವಲ್ಪ ಮುಖ ಸಣ್ಣದಾಯಿತು, ಪರವಾಗಿಲ್ಲ. ನಿನ್ನೆ ನಾವೂ ಮಾರಾಟದವರೂ ಕೂತು ಹೀಗೆ ಬರೆದೆವು:

“ಹದ ಬಂದ ಲೀಡ್ ಎಂದರೆ: ನಂಬರಿಗೆ ನಾವು ಒಮ್ಮೆ ಮಾತಾಡಿದ್ದೇವೆ, ಫಲ ಕೊಡುವ ತೋಟ ಎರಡು ಎಕರೆಗೆ ಕಡಿಮೆ ಇಲ್ಲ, ಈ ಕೊಯ್ಲಿಗೇ ಯಂತ್ರ ಬೇಕಂತೆ, ಮಾತಾಡಿದವರೇ ಕೊಳ್ಳುವವರು, ಇಲ್ಲವೇ ಕೊಳ್ಳುವವರ ಹೆಸರು ಕೊಟ್ಟಿದ್ದಾರೆ. ಲೀಡ್ ಬಂದ ಎರಡು ಕೆಲಸದ ಗಂಟೆಯೊಳಗೆ ಪ್ರಚಾರದವರು ಒಪ್ಪಿಸಬೇಕು. ಒಪ್ಪಿಸಿದ ಒಂದು ಕೆಲಸದ ಗಂಟೆಯೊಳಗೆ ಮೊದಲ ಕರೆ. ಸಿಗದಿದ್ದರೆ ನಾಲ್ಕು ದಿನದಲ್ಲಿ ಐದು ಕರೆ, ಅದರಲ್ಲಿ ಎರಡು ಸಂಜೆ ಏಳರ ಮೇಲೆ.”

ಎರಡು ಎಕರೆ ನಮ್ಮ ಯಂತ್ರದ ಬೆಲೆ ನೋಡಿ ಹಾಕಿದ್ದು. ಉಳಿದವರಿಗೆ ಅದೇ ಅಳತೆ ಆಗಲಿಕ್ಕಿಲ್ಲ.

ಒಂದು ಪದ ಇನ್ನೂ ಬಾಕಿ. ‘ಮುಂದಿನ ವರ್ಷ ನೋಡೋಣ’ ಅಂದವರನ್ನು ಮಾರಾಟದವರು ನಮಗೆ ಮರಳಿಸುತ್ತಾರೆ. ಪಟ್ಟಿಯಲ್ಲಿ ‘ತಿರಸ್ಕೃತ’ ಎಂದು ಬಿದ್ದಿದೆ. ಅವರನ್ನು ನಾವು ತಿರಸ್ಕರಿಸಿಲ್ಲವಲ್ಲ, ಮುಂದಿನ ಕೊಯ್ಲಿಗೆ ಮೊದಲು ಮತ್ತೆ ಮಾತಾಡಿಸುವವರೇ. ‘ಎಳೆಗೊನೆ’ ಅನ್ನಬಹುದೇ? ಹುಡುಗರು ನಗುತ್ತಾರೇನೋ.