ಫ್ಲಿಪ್‌ಬುಕ್: ಮಿಂಚುಳ್ಳಿ ಹಾರುವುದೇ ಕಾಣುತ್ತಿಲ್ಲ, ಚಿತ್ರವೂ ನಡುಗುತ್ತದೆ

ಕುಂಚದಜ್ಜ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. 40 ವರ್ಷ ಅಂಗಡಿ ಬೋರ್ಡು, ಲಾರಿ ನಂಬರು, ಜಾತ್ರೆಯ ಬ್ಯಾನರು ಬರೆದವನು. ಈಗ ವಯಸ್ಸು 74. ಮೊಮ್ಮಗ ಪುಟ್ಟನಿಗೆ 9. ದಸರಾ ರಜೆಗೆ ಬಂದಿದ್ದಾನೆ.

ಮೊನ್ನೆ ಕೆರೆ ಏರಿಯ ಮೇಲೆ ಕೂತು ಮಿಂಚುಳ್ಳಿ ಮೀನು ಹಿಡಿಯುವುದನ್ನು ಇಬ್ಬರೂ ನೋಡಿದೆವು. ಮನೆಗೆ ಬಂದವನೇ "ಅಜ್ಜಾ, ಅದು ಧುಮುಕಿದ್ದನ್ನ ಬರೀಬಹುದಾ?" ಎಂದು ಕೇಳಿದ. ಒಂದು ಚಿತ್ರದಲ್ಲಿ ಆಗಲ್ಲ ಮಗಾ, 48 ಬೇಕು ಅಂದೆ. ಅವನು ಹೆದರಲಿಲ್ಲ. ಪೆನ್ಸಿಲ್ ಹುಡುಕಿಕೊಂಡು ಬಂದ.

ಮಾಡಿದ್ದು ಹೀಗೆ. ಝೆರಾಕ್ಸ್ ಹಾಳೆ 6 ತೆಗೆದುಕೊಂಡು, ಒಂದೊಂದರಲ್ಲಿ 9 ತುಂಡು ಕತ್ತರಿಯಲ್ಲಿ ಕತ್ತರಿಸಿದೆ. 54 ಬಂತು. ಕೊಳೆಯಾದ 6 ಬಿಟ್ಟೆವು. ಎಡಗಡೆ ದೊಡ್ಡ ಬೈಂಡರ್ ಕ್ಲಿಪ್ ಹಾಕಿದೆವು. ಮೊದಲನೇ ಚಿತ್ರ ಕಟ್ಟಿನ ಎಲ್ಲಕ್ಕಿಂತ ಕೆಳಗಿನ ಹಾಳೆಯಲ್ಲಿ. ಅದರ ಮೇಲಿನ ಹಾಳೆ ಇಳಿಸಿದರೆ ಕೆಳಗಿನ ಗೆರೆ ಮಸುಕಾಗಿ ಕಾಣುತ್ತದೆ. ಅದನ್ನು ನೋಡಿಕೊಂಡು ಹಕ್ಕಿಯನ್ನು ಒಂದಿಷ್ಟೇ ಸರಿಸಿ ಮತ್ತೆ ಬರೆಯುವುದು. ಹೀಗೆ ಕೆಳಗಿನಿಂದ ಮೇಲಕ್ಕೆ 48. ಹಕ್ಕಿ ಪೂರ್ತಿ ಪುಟ್ಟನದು. ಕೊಂಬೆ, ನೀರು ನನ್ನದು. ಮೂರು ದಿನ ಹಿಡಿಯಿತು.

ಈಗ ಹೆಬ್ಬೆರಳಲ್ಲಿ ಬಿಟ್ಟರೆ ಹಕ್ಕಿ ಕೊಂಬೆಯ ಮೇಲಿದೆ, ಮರುಕ್ಷಣ ನೀರು ಸಿಡಿದಿದೆ. ಮಧ್ಯದ ಹಾರಾಟವೇ ಇಲ್ಲ! ಅಲ್ಲೇ ಅವನು ಜಾಸ್ತಿ ಕಷ್ಟಪಟ್ಟಿದ್ದು. ಜೊತೆಗೆ ಚಿತ್ರವೂ ನಡುಗುತ್ತದೆ. ಪುಟ್ಟ ಮಾತಾಡದೆ ಹಿತ್ತಿಲಿಗೆ ಹೋಗಿ ಕೂತಿದ್ದಾನೆ. ದಯವಿಟ್ಟು ಹೇಳಿ, ಎಲ್ಲಿ ತಪ್ಪಿದೆವು?

ಬಣ್ಣದಡಬ್ಬಿ

ಅಜ್ಜ, ಹಾಳೆ ತೆಳು ಆಗಿದೆ, ಅದೇ ಸಮಸ್ಯೆ. ಝೆರಾಕ್ಸ್ ಹಾಳೆ ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಬೀಳುತ್ತದೆ. 300 ಜಿಎಸ್‌ಎಂ ಡ್ರಾಯಿಂಗ್ ಶೀಟಿನಲ್ಲಿ ಮಾಡಿ. ಒಂದೊಂದೂ ಟಕ್ ಟಕ್ ಅಂತ ಬೀಳುತ್ತದೆ.

ಹನ್ನೆರಡು ಮನೆ

ತೆಳು ಅನ್ನುವುದು ಸರಿ. ಆದರೆ 300 ಬೇಡ. 48 ಹಾಳೆ ಸೇರಿದರೆ ಒಂದೂವರೆ ಸೆಂಟಿಮೀಟರ್ ದಾಟುತ್ತದೆ, 9 ವರ್ಷದ ಮಗುವಿನ ಬೆರಳಿಗೆ ಬಗ್ಗಲ್ಲ. ಕೆಳಗಿನ ಗೆರೆಯೂ ಕಾಣಲ್ಲ. ಹಾಗಾದರೆ ಅವನು ನೋಡಿ ಬರೆಯುವುದು ಹೇಗೆ? 100 ಜಿಎಸ್‌ಎಂ ಸಾಕು.

ಅಜ್ಜಾ, ನಾನು ಅನಿಮೇಶನ್ ಕೆಲಸದಲ್ಲಿದ್ದೇನೆ. ಹಾಳೆ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ರತಿ ಹಾಳೆಯ ಮೂಲೆಯಲ್ಲಿ ಅದರ ನಂಬರು ದಪ್ಪಗೆ ಬರೆಯಿರಿ, ಕೆಳಗಿನದು 1, ಮೇಲಿನದು 48. ಪುಟ್ಟ ಬಿಡುತ್ತಿರುವಾಗ ಫೋನಿನಲ್ಲಿ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 10–12 ಹಾಳೆ ಬಿದ್ದರೂ ವಿಡಿಯೊದಲ್ಲಿ ಒಂದೊಂದು ಹಾಳೆ ಎರಡು ಮೂರು ಸಲ ಸಿಗುತ್ತದೆ. ನಿಲ್ಲಿಸಿ ನಿಲ್ಲಿಸಿ ನೋಡಿ, ಯಾವ ನಂಬರು ಕಾಣುತ್ತಿಲ್ಲ ಎಂದು ಬರೆದುಕೊಳ್ಳಿ.

ನಡುಗುವುದಕ್ಕೆ ಬೇರೆ ಪರೀಕ್ಷೆ ಇದೆ. ಹಕ್ಕಿ, ಕೊಂಬೆ ಎರಡೂ ಒಟ್ಟಿಗೆ ನಡುಗುತ್ತವಾ? ಒಂದೇ ನಡುಗುತ್ತದಾ?

ಸುಮ್ನೆ ಬಂದೆ

ನನಗೂ ಇದೇ ಆಯಿತು! ಅಕ್ಕನ ಮದುವೆ ವಿಡಿಯೊದಿಂದ 60 ಫೋಟೊ ತೆಗೆದು ಹೊಳಪಿನ ಕಾಗದದಲ್ಲಿ ಪ್ರಿಂಟ್ ಹಾಕಿಸಿದೆ. ಎರಡೆರಡು ಅಂಟಿಕೊಂಡೇ ಬೀಳುತ್ತವೆ. ಪೌಡರ್ ಹಾಕಿದೆ, ಎರಡು ದಿನ ಸರಿ ಇತ್ತು, ಆಮೇಲೆ ಮತ್ತೆ ಅದೇ ಕಥೆ. ಅಜ್ಜ ಯಾವ ಪ್ರಿಂಟರ್ ಬಳಸಿದ್ದು?

ಹನ್ನೆರಡು ಮನೆ

ಅಜ್ಜ ಕೈಯಲ್ಲೇ ಬರೆದಿದ್ದು, ಪ್ರಿಂಟ್ ಅಲ್ಲ. ನಿಮ್ಮದು ಹೊಳಪಿನ ಪದರದ ತೊಂದರೆ. ಮುಂದಿನ ಸಲ ಹೊಳಪಿಲ್ಲದ ಕಾಗದದಲ್ಲಿ ಹಾಕಿಸಿ ನೋಡಿ.

ಕುಂಚದಜ್ಜ

ಹಿತ್ತಿಲಿನಿಂದ ಕರೆದು "ಕಳ್ಳನ್ನ ಹಿಡಿಯೋಣ ಬಾ" ಅಂದೆ. ನಂಬರು ಅವನೇ ಬರೆದ. ಅವನು ಬಿಟ್ಟ, ನಾನು ವಿಡಿಯೊ ತೆಗೆದೆ.

13, 14, 15 ಕಾಣುತ್ತವೆ. ಆಮೇಲೆ ನೇರ 21! ಐದು ಸಲ ತೆಗೆದೆವು, ಐದು ಸಲವೂ ಹಾಗೇ. 16ರಲ್ಲಿ ಹಕ್ಕಿ ಮುಂದಕ್ಕೆ ಬಾಗುತ್ತದೆ. 17ರಿಂದ 20 ಗಾಳಿಯಲ್ಲಿದೆ. 21ರಲ್ಲಿ ನೀರು ಸಿಡಿಯುತ್ತದೆ. ಹಾರಾಟ ಅಷ್ಟೂ ಮಾಯ. ಪುಟ್ಟ ಸ್ಕೇಲ್ ತಂದು ಅಳೆದ. 17ರಿಂದ 21ರವರೆಗಿನ ಐದೂ ಹಾಳೆ ಉಳಿದವಕ್ಕಿಂತ ಸುಮಾರು 2 ಮಿ.ಮೀ. ಗಿಡ್ಡ. ಆದರೆ 16 ಗಿಡ್ಡ ಇಲ್ಲ, ಸರಿಯಾಗಿಯೇ ಇದೆ. ಅದು ಯಾಕೆ ಕಾಣುತ್ತಿಲ್ಲ?

ನಡುಗುವುದು ಕೊಂಬೆ ಒಂದೇ. ಹಕ್ಕಿ ನಡುಗುತ್ತಿಲ್ಲ.

ರಟ್ಟು-ದಾರ

ನಾನು ಬೈಂಡಿಂಗ್ ಕೆಲಸದವನು. 16 ಯಾಕೆ ಕಾಣಲ್ಲ ಅಂದರೆ, ಹೆಬ್ಬೆರಳು ಕಟ್ಟಿನ ಕೆಳಗಿರುತ್ತದೆ. ಕೆಳಗಿನ ಹಾಳೆ ಮೊದಲು ಜಾರುತ್ತದೆ. 16 ಜಾರಿತು. ಅದರ ಮೇಲಿನ ಗಿಡ್ಡ ಹಾಳೆಗಳು ಬೆರಳಿಗೆ ತಾಗುವುದೇ ಇಲ್ಲ. ಅವನ್ನು ಹಿಡಿದಿಟ್ಟಿದ್ದೇ ಆ 16. ಅದು ಹೋದ ಕೂಡಲೇ ಐದೂ ಧೊಪ್ಪನೆ ಅದರ ಮೇಲೆ ಬೀಳುತ್ತವೆ. ಮೇಲೆ ಕಾಣುವುದು 21. ಮಗು ಬರೆದದ್ದರಲ್ಲಿ ತಪ್ಪಿಲ್ಲ, ಕತ್ತರಿಸಿದ್ದರಲ್ಲಿ ತಪ್ಪಿದೆ. ಎರಡು ಮೂರು ಹಾಳೆ ಒಟ್ಟಿಗಿಟ್ಟು ಕತ್ತರಿ ಆಡಿಸಿದ್ದೀರಿ ಅಲ್ವಾ?

ಇನ್ನೊಂದು. ಒಂದು ಹಾಳೆಗೆ 9 ಅಂದರೆ 99 ಮಿ.ಮೀ. ಅಗಲ, 70 ಎತ್ತರ ಬಂದಿರಬೇಕು. ಝೆರಾಕ್ಸ್ ಹಾಳೆಯ ಎಳೆ ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ. ನಿಮ್ಮ ತುಂಡಿನಲ್ಲಿ ಅದು ಕ್ಲಿಪ್ಪಿಗೆ ಅಡ್ಡವಾಯಿತು. ಹಾಗಾದರೆ ಹಾಳೆ ಬಗ್ಗಲು ಹಟ ಮಾಡುತ್ತದೆ. 9ರ ಬದಲು 8 ಮಾಡಿ. ಉದ್ದವನ್ನು ನಾಲ್ಕು ಪಾಲು, ಅಗಲವನ್ನು ಎರಡು ಪಾಲು ಮಾಡಿದರೆ ತುಂಡು 105 ಅಗಲ, 74 ಎತ್ತರ. ಎಳೆ ಕ್ಲಿಪ್ಪಿನ ಗುಂಟ ಬರುತ್ತದೆ. ಅದೇ 6 ಹಾಳೆಗೆ ಸರಿಯಾಗಿ 48. ಅನುಮಾನ ಇದ್ದರೆ ಒಂದು ಹಾಳೆಯನ್ನು ಎರಡೂ ಕಡೆಯಿಂದ ಹರಿದು ನೋಡಿ. ಎಳೆಯ ದಿಕ್ಕಿಗೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟಗೆ.

ಕತ್ತರಿ ಬೇಡ. ಝೆರಾಕ್ಸ್ ಅಂಗಡಿಯ ಕಟಿಂಗ್ ಮಷೀನಿಗೆ ಕೊಡಿ. ಬಂದ ಮೇಲೆ ಕ್ಲಿಪ್ ಹಾಕುವ ಮೊದಲೇ ಕಟ್ಟನ್ನು ಸ್ವಲ್ಪ ಓರೆ ಮಾಡಿ. ಬೆರಳಿನ ಕಡೆ ಮೇಲಿನ ಹಾಳೆ ಕೆಳಗಿನದಕ್ಕಿಂತ ಒಂದು ಕೂದಲಷ್ಟು ಹೊರಗೆ ಬರಬೇಕು. 48ಕ್ಕೂ ಸೇರಿ 4–5 ಮಿ.ಮೀ. ಓರೆ ಸಾಕು. ಆಗ ಬೆರಳಿಗೆ ಒಂದೊಂದೇ ಹಾಳೆ ಬೇರೆಯಾಗಿ ಸಿಗುತ್ತದೆ. ಚಿತ್ರ ಬರೆದ ಮೇಲೆ ಓರೆ ಮಾಡಬೇಡಿ, ಮೊದಲೇ ಮಾಡಿ.

ಹನ್ನೆರಡು ಮನೆ

ರಟ್ಟು-ದಾರ ಅವರು ಹೇಳಿದ್ದೇ ಸರಿ.

ಕೊಂಬೆಯ ವಿಷಯ. ಕತ್ತರಿಸಿದ್ದರಿಂದಲೇ ನಡುಗುತ್ತಿದ್ದರೆ ಹಕ್ಕಿಯೂ ಜೊತೆಗೆ ನಡುಗಬೇಕಿತ್ತು. ಒಂದೇ ಹಾಳೆಯಲ್ಲಿ ಇರುವುದಲ್ವಾ? ಕೊಂಬೆ ಒಂದೇ ನಡುಗುತ್ತದೆ ಅಂದರೆ ಗೆರೆ ಎಳೆದದ್ದರಲ್ಲೇ ವ್ಯತ್ಯಾಸ ಇದೆ. ದಪ್ಪ ರಟ್ಟಿನಲ್ಲಿ ಕೊಂಬೆಯ ಆಕಾರ ಕತ್ತರಿಸಿ, ಕ್ಲಿಪ್ಪಿನ ಕಡೆಗೂ ಕೆಳ ಅಂಚಿಗೂ ಒತ್ತಿ ಇಟ್ಟು ಎಳೆಯಿರಿ. ಬೋರ್ಡ್ ಬರೆದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಹಾರಾಟಕ್ಕೆ ಒಂದು ಮಾತು. ಪುಟ್ಟನ ನಾಲ್ಕು ಚಿತ್ರಗಳ ಮಧ್ಯದ ದೂರ ಸಮ ಇದೆಯಾ? ಹಾಗಿದ್ದರೆ ಹಕ್ಕಿ ದಾರಕ್ಕೆ ಕಟ್ಟಿ ಇಳಿಬಿಟ್ಟ ಹಾಗೆ ಕಾಣುತ್ತದೆ. ಕೊಂಬೆಯಿಂದ ನೀರಿಗೆ 40 ಮಿ.ಮೀ. ಇದ್ದರೆ 4, 8, 12, 16 ಹೀಗೆ ಬಿಡುತ್ತಾ ಹೋಗಲಿ. ಹಾರುವ ಮೊದಲು ಹಕ್ಕಿ ಒಂದಿಷ್ಟು ಹಿಂದಕ್ಕೆ ಕುಗ್ಗುವುದನ್ನು ಮೂರು ಚಿತ್ರದಲ್ಲಿ ತೋರಿಸಲಿ. ಈಗ ಏನೋ ಆಗುತ್ತದೆ ಎಂದು ಕಣ್ಣಿಗೆ ಮೊದಲೇ ಗೊತ್ತಾದರೆ, ನಾಲ್ಕೇ ಚಿತ್ರದ ಹಾರಾಟವೂ ತಪ್ಪಿಹೋಗುವುದಿಲ್ಲ.

ಕುಂಚದಜ್ಜ

ಕೊಂಬೆ ಎಳೆದವನು ನಾನು. ಎರಡು ವರ್ಷದಿಂದ ಬಲಗೈ ಸಣ್ಣಗೆ ನಡುಗುತ್ತದೆ. ಒಂದು ಬೋರ್ಡಿನಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಪ್ಪ ಬ್ರಷ್ಷಿನಲ್ಲಿ ಮುಚ್ಚಿಹೋಗುತ್ತಿತ್ತು. 48 ಸಲ ಒಂದೇ ಗೆರೆ ಎಳೆದು ಒಟ್ಟಿಗೆ ಬಿಟ್ಟಾಗ ನನಗೇ ಕಂಡಿತು. ನಿಮ್ಮ ಉತ್ತರ ಓದುವಾಗ ಪುಟ್ಟ ಪಕ್ಕದಲ್ಲೇ ಇದ್ದ. ಏನೂ ಹೇಳಲಿಲ್ಲ. ನನ್ನ ಕೈಯನ್ನು ಹಿಡಿದು ಸ್ವಲ್ಪ ಹೊತ್ತು ನೋಡಿದ.

ಇವತ್ತು ಹಾಳೆ ಕತ್ತರಿಸಿಕೊಂಡು ಬಂದೆವು. 100 ಜಿಎಸ್‌ಎಂ, 8ರ ಲೆಕ್ಕ. ಓರೆ ಮಾಡಲು ಕಟ್ಟನ್ನು ಮೇಜಿನ ಮೇಲೆ ನಿಲ್ಲಿಸಿ ಅಂಗೈಯಲ್ಲಿ ಸವರಿದೆ, ಬಂತು. ಬರೆಯದ ಬಿಳಿ ಹಾಳೆಗಳನ್ನೇ ಬಿಟ್ಟು ನೋಡಿದೆವು. ಸದ್ದೇ ಬೇರೆ. ಮೊದಲು ಪಟ್, ಪಟ್ ಎಂದು ಗುಂಪಾಗಿ ಬೀಳುತ್ತಿತ್ತು. ಈಗ ಸರ್ರನೆ ಒಂದೇ ಸಮ.

ಕೊಂಬೆಗೆ ರಟ್ಟಿನ ಅಚ್ಚು ಮಾಡಿ ಆರು ಹಾಳೆ ಬರೆದೆ. ಪುಟ್ಟ ನೋಡಿ "ಇದು ಕೊಂಬೆ ಅಲ್ಲ ಅಜ್ಜ, ಕಬ್ಬಿಣದ ಸರಳು. ಮುಂಚಿನದೇ ಚೆಂದ ಇತ್ತು, ಗಾಳಿ ಬೀಸಿದ ಹಾಗೆ" ಅನ್ನುತ್ತಾನೆ.

ಬಣ್ಣದಡಬ್ಬಿ

ಪುಟ್ಟ ಹೇಳಿದ್ದೇ ನನಗೂ ಇಷ್ಟ. ಕೈಯಲ್ಲಿ ಬರೆದ ಗೆರೆ ಸ್ವಲ್ಪ ಅಲುಗಿದರೇ ಜೀವ ಇದೆ ಅನ್ನಿಸುವುದು. ಅಚ್ಚು ಬೇಡ ಅಜ್ಜ.

ಹನ್ನೆರಡು ಮನೆ

ನಾನು ಒಪ್ಪುವುದಿಲ್ಲ. ಹಕ್ಕಿ ಕೂತಿರುವಾಗ ಕೊಂಬೆ ಅಲುಗಿದರೆ ಚೆಂದವೇ. ಆದರೆ ಅದು ಹಾರುವ ಕ್ಷಣದಲ್ಲಿ ಕೊಂಬೆ ಸುಮ್ಮಸುಮ್ಮನೆ ಅಲುಗಿದರೆ ಕಣ್ಣು ಅತ್ತ ಹೋಗುತ್ತದೆ. ಪುಟ್ಟನ ನಾಲ್ಕು ಚಿತ್ರ ಮತ್ತೆ ನಷ್ಟ. ಬೇಕಿದ್ದರೆ ಅಲ್ಲಿ ಬೇಕೆಂದೇ ಅಲುಗಿಸಿ. ಹಕ್ಕಿ ಬಿಟ್ಟ ಕೂಡಲೇ ಕೊಂಬೆಯ ತುದಿ 5 ಮಿ.ಮೀ. ಮೇಲಕ್ಕೆ, ಆಮೇಲೆ 3 ಕೆಳಕ್ಕೆ, 1 ಮೇಲಕ್ಕೆ, ಅಲ್ಲಿಗೆ ನಿಲ್ಲಲಿ. ಅಷ್ಟು ಹಾಳೆಗಾದರೂ ಅಚ್ಚು ಬಳಸಿ.

ರಟ್ಟು-ದಾರ

ಅದು ಚಿತ್ರ ಬರೆಯುವವರು ತೀರ್ಮಾನ ಮಾಡಿಕೊಳ್ಳಿ. ನನ್ನದು ಒಂದೇ ಮಾತು. 48 ಮುಗಿಯುವ ತನಕ ಕ್ಲಿಪ್ ಬಿಚ್ಚಬೇಡಿ.

ಕುಂಚದಜ್ಜ

ಬಿಚ್ಚಿಲ್ಲ. ಅಚ್ಚಿನಲ್ಲಿ ಬರೆದ ಆರು ಹಾಳೆಯ ಕೊಂಬೆಯನ್ನು ಪುಟ್ಟನೇ ರಬ್ಬರ್ ಹಾಕಿ ಅಳಿಸಿದ. ಹಕ್ಕಿ ಬಿಟ್ಟ ಜಾಗದಲ್ಲಿ ಮಾತ್ರ 5, 3, 1ರ ಲೆಕ್ಕದಲ್ಲಿ ಅಚ್ಚು ಜರುಗಿಸಿ ಬರೆದೆ, ಅದಕ್ಕೆ ಅವನು ಒಪ್ಪಿದ. ಉಳಿದದ್ದೆಲ್ಲ ನನ್ನ ಕೈಯದೇ ಇರಲಿ ಅಂದ.

ಈಗ 29ರ ತನಕ ಆಗಿದೆ. ಮಿಂಚುಳ್ಳಿ ಕುಗ್ಗಿ, ನೆಗೆದು, ನೀರಿಗೆ ಬೀಳುವುದು ಕಾಣುತ್ತದೆ! ಪುಟ್ಟ ಪಕ್ಕದ ಮನೆಗೆಲ್ಲ ತೋರಿಸಿ ಬಂದ. 26, 27 ಮಾತ್ರ ಒಮ್ಮೊಮ್ಮೆ ಜೊತೆಯಾಗಿ ಬೀಳುತ್ತವೆ. ಅಳೆದರೆ ಎರಡೂ ಸರಿ ಇವೆ. ಯಾಕೆಂದು ತಿಳಿದವರು ಹೇಳಿ.

ನಾಳೆ ಬೆಳಿಗ್ಗೆ 7ಕ್ಕೆ ಅವನ ಬಸ್ಸು. ಮೀನು ಹಿಡಿದು ಮೇಲೆ ಬರುವುದನ್ನು ಊರಿಗೆ ಹೋಗಿ ಬರೆಯುತ್ತಾನಂತೆ. ಕಟ್ಟನ್ನು ಕ್ಲಿಪ್ ಸಮೇತ ಕೊಟ್ಟು ಕಳಿಸುತ್ತೇನೆ. 30ರಿಂದ 48ರವರೆಗೆ ಕೊಂಬೆಯನ್ನು ನಾನು ಈ ರಾತ್ರಿಯೇ ಬರೆದು ಮುಗಿಸಬೇಕು. ಹಾಗಾಗಿ ಫೋನ್ ಇಡುತ್ತೇನೆ.